ಹೋರ್ಡಿಂಗ್ ನೋಡಿ ಬಂದವರೆಷ್ಟು?

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಬಸ್ಸು ನಿಂತಿದೆ. ಕಿಟಕಿ ಪಕ್ಕ ಕೂತಾಕೆಯ ಕಣ್ಣು ಗಾಣದ ಎಣ್ಣೆಯ ಹೋರ್ಡಿಂಗ್ ಮೇಲೆ ಬೀಳುತ್ತದೆ. ಎರಡು ದಿನ ಬಿಟ್ಟು ಮನೆಯಲ್ಲಿ ಎಣ್ಣೆ ಡಬ್ಬಿ ಬರಿದಾದಾಗ, ಅರ್ಧಂಬರ್ಧ ನೆನಪಿದ್ದ ಆ ಹೆಸರನ್ನು ಗೂಗಲ್‌ನಲ್ಲಿ ಟೈಪ್ ಮಾಡುತ್ತಾಳೆ. ಕಂಪನಿಯ ಲೆಕ್ಕದಲ್ಲಿ ಆಕೆ ‘ಸರ್ಚ್‌ನಿಂದ ಬಂದವಳು’. ಅವಳನ್ನು ಕಳಿಸಿದ ಹೋರ್ಡಿಂಗ್ ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಟಿವಿ ಜಾಹೀರಾತಾದರೆ ಕೆಲಸ ಸ್ವಲ್ಪ ಸುಲಭ. ಅಮೆರಿಕದಲ್ಲಿ 2022ರ ಫೆಬ್ರವರಿ 13ರಂದು ಸೂಪರ್ ಬೌಲ್ ಪಂದ್ಯದ ನಡುವೆ ಕಾಯಿನ್‌ಬೇಸ್ ಕಂಪನಿ ಒಂದು ನಿಮಿಷ ಬರೀ ಕ್ಯೂಆರ್ ಕೋಡ್ ತೇಲಾಡಿಸಿತು. ನುಗ್ಗಿದ ಜನಕ್ಕೆ ವೆಬ್‌ಸೈಟೇ ಕೆಲಹೊತ್ತು ಕೈಕೊಟ್ಟಿತು. ಯಾರು ಯಾಕೆ ಬಂದರು ಎಂದು ಅಲ್ಲಿ ಕೇಳಬೇಕಿರಲಿಲ್ಲ. ಹೋರ್ಡಿಂಗ್ ಹಾಗಲ್ಲ. ವಾರಗಟ್ಟಲೆ ನಿಂತು ದಿನಕ್ಕಿಷ್ಟು ಎಂದು ನಿಧಾನಕ್ಕೆ ಜನರನ್ನು ತರುತ್ತದೆ. ಆ ನಡುವೆ ಹಬ್ಬ, ಸಂಬಳದ ದಿನ, ಬೆಲೆಯ ಏರಿಳಿತವೂ ತಮ್ಮ ಪಾಲು ತರುತ್ತವೆ. ಹಾಗಾಗಿ ‘ಎಷ್ಟು ಹೆಚ್ಚಾಯಿತು’ ಎಂದು ಕೇಳಿದರೆ ಸಾಲದು. ಹೋರ್ಡಿಂಗ್ ಇಲ್ಲದಿದ್ದರೆ ಎಷ್ಟಿರುತ್ತಿತ್ತು ಎಂದು ಕೇಳಬೇಕು.

ಅದನ್ನು ಹೇಳಬಲ್ಲದ್ದು ಹೋರ್ಡಿಂಗ್ ಹಾಕದ ಊರು. ನಮ್ಮ ಎಣ್ಣೆ ಕಂಪನಿ ನಾಲ್ಕು ವಾರ ಹುಬ್ಬಳ್ಳಿ-ಧಾರವಾಡದಲ್ಲಿ ಮಾತ್ರ ಜಾಹೀರಾತು ಹಾಕಿತು, ಬೆಳಗಾವಿ ಮತ್ತು ದಾವಣಗೆರೆಯನ್ನು ಬೇಕೆಂದೇ ಬಿಟ್ಟಿತು ಎಂದುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ಹಿಂದಿನ ಎಂಟು ವಾರ ಹುಬ್ಬಳ್ಳಿ-ಧಾರವಾಡದಲ್ಲಿ ಕಂಪನಿಯ ಹೆಸರು ಹಿಡಿದು ಹುಡುಕಿದವರು ವಾರಕ್ಕೆ ಸರಾಸರಿ 400. ಆ ಎರಡು ಊರು ಸೇರಿ 800. ಅಂದರೆ ಸರಿಯಾಗಿ ಅರ್ಧ. ಜಾಹೀರಾತಿನ ವಾರಗಳಲ್ಲಿ ಇಲ್ಲಿ 620 ಆಯಿತು. ಮಾಲೀಕರು 220 ಹೆಚ್ಚಾಯಿತೆಂದು ಹಿಗ್ಗಬಹುದು. ಆದರೆ ಜಾಹೀರಾತೇ ಇಲ್ಲದ ಊರುಗಳಲ್ಲೂ ಹಬ್ಬದ ಖರೀದಿಯಿಂದ 880 ಆಗಿದೆ. ಅದರ ಅರ್ಧ 440 ಇಲ್ಲಿ ಹೇಗೂ ಬರುತ್ತಿತ್ತು. ಹೋರ್ಡಿಂಗಿನ ಪಾಲು ವಾರಕ್ಕೆ 180.

ಈ 180 ಕೂಡ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಆ ಎಂಟು ವಾರಗಳಲ್ಲಿ ‘ಅರ್ಧ’ ಎಂಬುದು ನೂರಕ್ಕೆ 46ರಿಂದ 54ರವರೆಗೆ ಓಲಾಡಿತ್ತು ಎನ್ನಿ. ಆಗ ನಿರೀಕ್ಷೆ ಸುಮಾರು 405ರಿಂದ 475, ಹೋರ್ಡಿಂಗಿನ ಪಾಲು 145ರಿಂದ 215. ಹೀಗೆ ‘ಇಷ್ಟರಿಂದ ಇಷ್ಟು’ ಎಂದು ಹೇಳುವ ವರದಿಯನ್ನೇ ನಾನು ನಂಬುತ್ತೇನೆ. ಇನ್ನೊಂದು ಪರೀಕ್ಷೆಯೂ ಉಂಟು: ಜಾಹೀರಾತು ನಾಲ್ಕು ವಾರ ಮೊದಲೇ ಶುರುವಾಗಿತ್ತು ಎಂದು ಸುಳ್ಳೇ ಇಟ್ಟುಕೊಂಡು ಅದೇ ಲೆಕ್ಕ ಹಾಕುವುದು. ಉತ್ತರ ಸೊನ್ನೆಯ ಆಸುಪಾಸು ಬರಬೇಕು. ಆಗಲೂ ನೂರು ಇನ್ನೂರು ಬಂದರೆ ಹೋಲಿಕೆಗೆ ಆರಿಸಿದ ಊರೇ ಸರಿಯಿಲ್ಲ. ದಸರಾ ಹೊತ್ತಿನಲ್ಲಿ ಮೈಸೂರನ್ನು ದಾವಣಗೆರೆ ಜತೆ ತೂಗಿದರೆ ಆಗುವುದು ಇದೇ.

ಊರುವಾರು ಅಂಕಿ ಹೊಂದಿಸುವುದೇ ಒಂದು ಪಾಡು. ಗೂಗಲ್‌ನ ಸರ್ಚ್ ಕನ್ಸೋಲ್ ದೇಶವಾರು ಲೆಕ್ಕ ಕೊಡುತ್ತದೆ, ಊರುವಾರು ಕೊಡುವುದಿಲ್ಲ. ಅದಕ್ಕೇ ಕೆಲವರು ತಮ್ಮ ಹೆಸರಿನ ಮೇಲೆಯೇ ಒಂದು ಸಣ್ಣ ಗೂಗಲ್ ಜಾಹೀರಾತು ಇಟ್ಟು, ಅದು ಯಾವ ಊರಲ್ಲಿ ಎಷ್ಟು ಸಲ ಕಾಣಿಸಿತು ಎಂದು ಎಣಿಸುತ್ತಾರೆ. ಅದರ ಬಜೆಟ್ ನಡುವೆ ಬದಲಿಸಿದರೆ ಎಣಿಕೆಯೂ ಕೆಡುತ್ತದೆ. ಹೆಸರನ್ನು ಜನ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ತಪ್ಪು ಕಾಗುಣಿತದಲ್ಲಿ ಬರೆಯುತ್ತಾರೆ, ಎಲ್ಲವನ್ನೂ ಸೇರಿಸಬೇಕು. ಮೊಬೈಲ್ ಇಂಟರ್ನೆಟ್‌ನಲ್ಲಂತೂ ಊರಿನ ಅಂದಾಜು ಎಷ್ಟೋ ಸಲ ತಪ್ಪುತ್ತದೆ. ಹುಬ್ಬಳ್ಳಿಯಾಕೆ ಬೆಂಗಳೂರಿನವಳಾಗಿ ದಾಖಲಾದರೆ ಹೋರ್ಡಿಂಗಿನ ಪಾಲು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

‘ಡೈರೆಕ್ಟ್’ ಭೇಟಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಿಳಾಸ ಟೈಪ್ ಮಾಡಿ ಬಂದವರು ಎಂದು ಆ ಹೆಸರು ಕೇಳಿದರೆ ಅನಿಸುತ್ತದೆ. ನಿಜದಲ್ಲಿ ಎಲ್ಲಿಂದ ಬಂದರೆಂದು ಗೊತ್ತಾಗದವರೆಲ್ಲ ಆ ಬುಟ್ಟಿಗೇ ಬೀಳುತ್ತಾರೆ. ಯಾರೋ ವಾಟ್ಸ್ಯಾಪ್ ಗುಂಪಿಗೆ ಕಳಿಸಿದ ಕೊಂಡಿ ಒತ್ತಿದವರೂ ಅಲ್ಲಿರುತ್ತಾರೆ. ಇವರನ್ನು ಬೇರ್ಪಡಿಸಲು ಮೊದಲು ತೆರೆದ ಪುಟ ನೋಡಬೇಕು. ಮುಖಪುಟಕ್ಕೆ ಬಂದ ಹೊಸಬರು ಹೋರ್ಡಿಂಗ್ ನೋಡಿರಬಹುದು. ಐದು ಲೀಟರ್ ಶೇಂಗಾ ಎಣ್ಣೆಯ ಪುಟದ ಮಾರುದ್ದದ ವಿಳಾಸವನ್ನು ಯಾರೂ ಕೈಯಾರೆ ಟೈಪ್ ಮಾಡುವುದಿಲ್ಲ. ಅಂಥವರನ್ನು ಬದಿಗಿಟ್ಟು, ಉಳಿದವರ ಮೇಲೆ ಅದೇ ಹೋಲಿಕೆಯ ಲೆಕ್ಕ ನಡೆಸಬೇಕು.

ಬಂದ ಎರಡು ಉತ್ತರಗಳನ್ನು ಮಾತ್ರ ಕೂಡಿಸಬಾರದು. ಬಸ್ಸಿನಲ್ಲಿದ್ದಾಕೆ ಸೋಮವಾರ ಹೆಸರು ಹುಡುಕಿ ಬಂದು ಬೆಲೆ ನೋಡುತ್ತಾಳೆ. ಗುರುವಾರ ನೇರವಾಗಿ ವಿಳಾಸ ಟೈಪ್ ಮಾಡಿ ಬಂದು ಎರಡು ಲೀಟರ್ ತರಿಸಿಕೊಳ್ಳುತ್ತಾಳೆ. ಪಟ್ಟಿಯಲ್ಲಿ ಎರಡು ಕಡೆ ಕಂಡರೂ ಆಕೆ ಒಬ್ಬಳೇ.