ಬಿರುಕಿನೊಳಗೆ ಸಿಕ್ಕ ಬಣ್ಣ

1980ರ ಮಾರ್ಚ್ 27ರ ಸಂಜೆ. ಉತ್ತರ ಸಮುದ್ರದಲ್ಲಿ ಜೋರು ಗಾಳಿ, ಎತ್ತರದ ಅಲೆಗಳು. ನಾರ್ವೆಯ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ಕೆಲಸಗಾರರ ವಸತಿಯಾಗಿದ್ದ ‘ಅಲೆಕ್ಸಾಂಡರ್ ಎಲ್. ಕೀಲ್ಯಾಂಡ್’ ಎಂಬ ತೇಲುವೇದಿಕೆಯ ಐದು ಕಾಲುಗಳಲ್ಲಿ ಒಂದು ಕಳಚಿಹೋಯಿತು. ವೇದಿಕೆ ವಾಲಿ, ಅರ್ಧ ಗಂಟೆಯೊಳಗೆ ಮಗುಚಿಕೊಂಡಿತು. ಅದರಲ್ಲಿದ್ದ 212 ಜನರ ಪೈಕಿ 123 ಮಂದಿ ಸತ್ತರು.

ಕಾಲನ್ನು ಹಿಡಿದಿದ್ದ ದಪ್ಪ ಕೊಳವೆಗಳಲ್ಲಿ ಒಂದು ಮೊದಲು ಮುರಿದಿತ್ತು. ಉಳಿದವು ಹೆಚ್ಚಿದ ಭಾರ ತಾಳಲಾರದೆ ಒಂದರ ಹಿಂದೊಂದು ತುಂಡಾಗಿದ್ದವು. ಮೊದಲು ಮುರಿದ ಕೊಳವೆಗೆ ಹೈಡ್ರೋಫೋನ್ ಎಂಬ, ನೀರಿನಡಿಯ ಶಬ್ದ ಹಿಡಿಯುವ ಸಾಧನವನ್ನು ಕೂರಿಸಲು ರಂಧ್ರ ಕೊರೆದು ಒಂದು ಹಿಡಿಕೆಯನ್ನು ಬೆಸೆದಿದ್ದರು. ಬೆಸುಗೆಯ ದಪ್ಪ ಸುಮಾರು 6 ಮಿ.ಮೀ. ಅದು ಭಾರ ಹೊರುವ ಭಾಗವಲ್ಲ, ಬರೀ ಉಪಕರಣದ ಜೋಡಣೆ ಎಂದುಕೊಂಡಿದ್ದರಿಂದ ಆ ಬೆಸುಗೆಯ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಬಿರುಕು ಹುಟ್ಟಿದ್ದು ಅಲ್ಲೇ. ಅಲೆಗಳ ಸತತ ಹೊಡೆತಕ್ಕೆ ಅದು ಕೊಳವೆಯ ಸುತ್ತ ಬೆಳೆಯುತ್ತಾ ಹೋಗಿತ್ತು.

ಮುರಿದ ಮುಖವನ್ನು ಪರೀಕ್ಷಿಸಿದಾಗ ಬಿರುಕಿನ ಒಳಗೆ ಪೇಂಟ್‌ನ ಕುರುಹು ಕಂಡಿತು. ವೇದಿಕೆ 1976ರಲ್ಲಿ ಸಮುದ್ರಕ್ಕಿಳಿಯುವ ಮೊದಲು, ಫ್ರಾನ್ಸಿನ ಡಂಕರ್ಕ್‌ನಲ್ಲಿ ಅದಕ್ಕೆ ಪೇಂಟ್ ಬಳಿಯುವಾಗಲೇ ಬಿರುಕು ಬಾಯಿ ತೆರೆದಿತ್ತು ಎಂಬುದು ಇದರಿಂದ ಗೊತ್ತಾಯಿತು. ಪೇಂಟ್ ತಾನಾಗಿ ಒಳಗಿಳಿಯುವ ಬಿರುಕಿನೊಳಕ್ಕೆ ತಪಾಸಣೆಗೆಂದೇ ತಯಾರಿಸಿದ ಕೆಂಪು ದ್ರವ ಖಂಡಿತ ಇಳಿಯುತ್ತಿತ್ತು. ಆ ದಿನ ಆ ಜಾಗಕ್ಕೆ ಕೆಂಪು ದ್ರವ ಹಚ್ಚಿ ನೋಡಿದ್ದರೆ ಬಿರುಕು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆ ತಪಾಸಣೆಯ ಹೆಸರು ಡೈ ಪೆನೆಟ್ರೆಂಟ್. ವರ್ಕ್‌ಶಾಪ್‌ಗಳಲ್ಲಿ ‘ಡಿಪಿ’ ಎಂದರೆ ಸಾಕು. ಮೂರು ಸ್ಪ್ರೇ ಡಬ್ಬಿ ಮತ್ತು ಒಣಬಟ್ಟೆಯಲ್ಲಿ ಕೆಲಸ ಮುಗಿಯುತ್ತದೆ. ಬೆಸುಗೆಯನ್ನು ಕ್ಲೀನರ್‌ನಿಂದ ತೊಳೆದು ಒಣಗಿಸಿ, ಕೆಂಪು ದ್ರವ ಸಿಂಪಡಿಸಿ, ಸಾಮಾನ್ಯವಾಗಿ ಹತ್ತು ನಿಮಿಷವಾದರೂ ಬಿಡಬೇಕು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ, ಕಣ್ಣಿಗೆ ಕಾಣದ ಸಂದು ಆ ದ್ರವವನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಮೇಲ್ಮೈಯ ಕೆಂಪನ್ನು ಒರೆಸಿ, ಡೆವಲಪರ್ ಎಂಬ ಬಿಳಿ ಪುಡಿಯ ತೆಳು ಪದರ ಕೊಟ್ಟರೆ ಸಂದಿನಲ್ಲಿ ಉಳಿದ ದ್ರವ ಹೊರಕ್ಕೆ ಜಿನುಗಿ, ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಒರೆಸುವಾಗ. ಕ್ಲೀನರ್ ಸೋಕಿಸಿದ ಬಟ್ಟೆಯಿಂದ ಒರೆಸಬೇಕೇ ಹೊರತು ಕ್ಲೀನರನ್ನು ನೇರವಾಗಿ ಬೆಸುಗೆಯ ಮೇಲೆ ಸಿಂಪಡಿಸಬಾರದು. ಹಾಗೆ ಮಾಡಿದರೆ ಬಿರುಕಿನ ಒಳಗಿನ ದ್ರವವೂ ತೊಳೆದುಹೋಗಿ, ದೋಷವಿದ್ದರೂ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಮೊದಲೇ ಮರಳು ಅಥವಾ ಉಕ್ಕಿನ ಹರಳು ಹೊಡೆದು ಶುಚಿ ಮಾಡಿದ ಬೆಸುಗೆಯದೂ ಇದೇ ಕಥೆ. ಆ ಹೊಡೆತಕ್ಕೆ ಲೋಹ ಸವರಿಕೊಂಡು ಬಿರುಕಿನ ಬಾಯಿ ಮುಚ್ಚಿಹೋಗಿರುತ್ತದೆ. ಕೀಲ್ಯಾಂಡ್‌ನಲ್ಲಿಯೂ ಪೇಂಟ್ ಬಳಿದ ನಂತರ, ಅದನ್ನು ಕೆರೆದು ತೆಗೆಯದೆ ಡಿಪಿ ಮಾಡಿದ್ದರೆ ಏನೂ ಕಾಣುತ್ತಿರಲಿಲ್ಲ. ಬಾಯಿ ಮೇಲ್ಮೈಗೆ ತೆರೆದಿದ್ದರೆ ಮಾತ್ರ ಡಿಪಿಗೆ ಬಿರುಕು ಕಾಣುವುದು. ಕಂಡ ಬಿರುಕಿನ ಉದ್ದ ಗೊತ್ತಾಗುತ್ತದೆ. ಆಳ ಅರ್ಧ ಮಿಲಿಮೀಟರೋ ಹತ್ತು ಮಿಲಿಮೀಟರೋ ಎಂದು ಆ ಕೆಂಪು ಗೆರೆ ಹೇಳುವುದಿಲ್ಲ.

ಲೋಹದ ಒಳಗನ್ನು ನೋಡಲು ಅಲ್ಟ್ರಾಸಾನಿಕ್, ಅಂದರೆ ‘ಯುಟಿ’ ಬೇಕು. ಇಲ್ಲಿ ಪ್ರೋಬ್ ಎಂಬ ಪುಟ್ಟ ಸಾಧನ ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನಗಳ ಶಬ್ದವನ್ನು ಉಕ್ಕಿನೊಳಗೆ ಕಳಿಸುತ್ತದೆ. ನಡುವೆ ಗಾಳಿಯ ಪದರವಿದ್ದರೆ ಶಬ್ದ ಒಳಹೋಗದ ಕಾರಣ ಪ್ರೋಬ್‌ನಡಿ ಜೆಲ್ ಅಥವಾ ಗ್ರೀಸ್ ಹಚ್ಚುತ್ತಾರೆ. ಒಳಗೆ ಬಿರುಕೋ ಪೊಳ್ಳೋ ಅಡ್ಡಬಂದರೆ ಶಬ್ದ ಮರಳುತ್ತದೆ, ಪರದೆಯಲ್ಲಿ ಒಂದು ಏರು ಕಾಣುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. 20 ಮಿ.ಮೀ. ದಪ್ಪದ ಎರಡು ತಟ್ಟೆಗಳನ್ನು ವಿ ಆಕಾರದ ತೋಡು ಮಾಡಿ ಬೆಸೆದಿದ್ದಾರೆ. ತೋಡಿನ ಪ್ರತಿ ಗೋಡೆ ಲಂಬಕ್ಕೆ 30 ಡಿಗ್ರಿ ಓರೆ. ಬೆಸುಗೆಗಾರನ ಕೈ ಸರಿಯಾಗಿ ಓಡದಿದ್ದರೆ ಕರಗಿದ ಲೋಹ ಈ ಗೋಡೆಗೆ ಕೂಡಿಕೊಳ್ಳದೆ, ಒಳಗೆ ಚಪ್ಪಟೆಯಾದ ಒಂದು ಸಂದು ಉಳಿಯುತ್ತದೆ. ಡಿಪಿಗೆ ಇದರ ಸುಳಿವೇ ಸಿಗದು. ಬೆಸುಗೆಯ ಪಕ್ಕದ ತಟ್ಟೆಯ ಮೇಲೆ 60 ಡಿಗ್ರಿ ಪ್ರೋಬ್ ಇಟ್ಟರೆ ಶಬ್ದ ಓರೆಯಾಗಿ ಕೆಳಗಿಳಿದು, ತಟ್ಟೆಯ ತಳಕ್ಕೆ ಬಡಿದು, ಮೇಲಕ್ಕೇಳುತ್ತಾ ಪ್ರೋಬ್ ಇರುವ ಬದಿಯ ಗೋಡೆಗೆ ನೇರವಾಗಿ, ತೊಂಬತ್ತು ಡಿಗ್ರಿಯಲ್ಲಿ ತಾಕುತ್ತದೆ; ಬಂದ ದಾರಿಯಲ್ಲೇ ವಾಪಸಾಗುತ್ತದೆ. ಏರು 56 ಮಿ.ಮೀ. ದೂರದಲ್ಲಿ ಕಂಡಿತು ಎನ್ನೋಣ. ಈ ಕೋನದಲ್ಲಿ 56 ಮಿ.ಮೀ. ಸಾಗಿದ ಶಬ್ದ ಲಂಬವಾಗಿ 28 ಮಿ.ಮೀ. ಕ್ರಮಿಸಿರುತ್ತದೆ: 20 ಇಳಿದು, 8 ಏರಿದೆ. ಅಂದರೆ ದೋಷವಿರುವುದು ಮೇಲ್ಮೈಯಿಂದ 12 ಮಿ.ಮೀ. ಕೆಳಗೆ, ಪ್ರೋಬ್‌ನಿಂದ ಶಬ್ದ ಹೊರಡುವ ಬಿಂದುವಿನಿಂದ ಅಡ್ಡಲಾಗಿ ಸುಮಾರು 48 ಮಿ.ಮೀ. ದೂರದಲ್ಲಿ. ಸ್ಕೇಲ್ ಹಿಡಿದು ಅಳೆದಾಗ ಆ ಬಿಂದು ಗೋಡೆಯ ಮೇಲೆ ಬಿದ್ದರೆ ಕೂಡದ ಗೋಡೆಯ ಅನುಮಾನ ಬಲವಾಗುತ್ತದೆ.

ಇದೇ ಸಂದನ್ನು 45 ಡಿಗ್ರಿ ಪ್ರೋಬ್‌ನಿಂದ ಹುಡುಕಿದರೆ ಶಬ್ದ ಗೋಡೆಗೆ ಓರೆಯಾಗಿ ತಾಕಿ ಬೇರೆ ಕಡೆ ಜಾರುತ್ತದೆ. ಏರು ಸಣ್ಣದಾಗುತ್ತದೆ ಅಥವಾ ಕಾಣುವುದೇ ಇಲ್ಲ. ಯುಟಿ ಎಡವುವುದು ಬಹುತೇಕ ಇಂಥ ಕಡೆ. ದೋಷ ಎಷ್ಟು ದೊಡ್ಡದು ಎನ್ನುವಷ್ಟೇ ಮುಖ್ಯ, ಅದು ಯಾವ ಕಡೆ ಮುಖ ಮಾಡಿದೆ ಎನ್ನುವುದು. ಕೀಲ್ಯಾಂಡ್‌ನ ಹಿಡಿಕೆಯ ಉಕ್ಕಿನಲ್ಲಿ ಪದರ ಬಿಚ್ಚಿದ ಬಿರುಕುಗಳೂ ಇದ್ದವು. ತಟ್ಟೆಗೆ ಸಮಾನಾಂತರವಾಗಿ ಮಲಗುವ ಇಂಥ ಬಿರುಕು ಓರೆ ಪ್ರೋಬ್‌ಗೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ನೇರ ಪ್ರೋಬ್ ಬೇಕು. ಹಾಗಾಗಿಯೇ ಅನುಭವಿಗಳು ಬೆಸುಗೆಗೆ ಕೈಹಾಕುವ ಮುನ್ನ ಪಕ್ಕದ ತಟ್ಟೆಯನ್ನು ನೇರ ಪ್ರೋಬ್‌ನಿಂದ ಸವರಿ ನೋಡುತ್ತಾರೆ.

6 ಮಿ.ಮೀ. ದಪ್ಪದ ಪುಟ್ಟ ಮೂಲೆಬೆಸುಗೆ ಯುಟಿಗೆ ಹೇಳಿ ಮಾಡಿಸಿದ ಕೆಲಸವಲ್ಲ. ಅಲ್ಲಿ ಬೆಸುಗೆಯ ಆಕಾರವೇ ಪ್ರತಿಧ್ವನಿ ಕೊಡುತ್ತದೆ. ಮೇಲ್ಮೈಗೆ ಅಂಟಿಕೊಂಡ ಸಣ್ಣ ದೋಷದ ಏರು ಅದರಲ್ಲಿ ಕಲೆತುಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೆಸುಗೆಯಲ್ಲಿ ತೊಡಕು ಇನ್ನೊಂದು ಬಗೆಯದು. ಅದರ ಒರಟು ಹರಳುಗಳು ಶಬ್ದವನ್ನು ಚದುರಿಸಿ ಬಾಗಿಸುವುದರಿಂದ ಪರದೆಯ ತುಂಬಾ ಗದ್ದಲ. ಮೇಲ್ಮೈ ಬಿರುಕಿನ ಮಟ್ಟಿಗೆ ಈ ಎರಡೂ ಕಡೆ ಡಿಪಿಯೇ ಹೆಚ್ಚು ನಂಬಿಕೆಯದು.

ಎರಡಕ್ಕೂ ಸಿಗದ ಬಿರುಕೂ ಒಂದಿದೆ: ಇನ್ನೂ ಹುಟ್ಟದಿರುವುದು. ಗಟ್ಟಿ ಉಕ್ಕಿನ ಬೆಸುಗೆಗೆ ತೇವವಾದ ಎಲೆಕ್ಟ್ರೋಡ್‌ನಿಂದ ಸೇರುವ ಹೈಡ್ರೋಜನ್, ಬೆಸುಗೆ ತಣ್ಣಗಾಗಿ ಗಂಟೆಗಳು, ಕೆಲವೊಮ್ಮೆ ದಿನವೇ ಕಳೆದ ಮೇಲೆ ಲೋಹವನ್ನು ಸೀಳುತ್ತದೆ. ಇಂಥ ಉಕ್ಕಿಗೆ 48 ಗಂಟೆ ಕಾದು ತಪಾಸಣೆ ಮಾಡುವ ರೂಢಿ ಬಂದಿದ್ದು ಇದಕ್ಕೇ. ಕೆಲಸ ಮುಗಿಸುವ ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಈ ಕಾಯುವಿಕೆಗೇ ಎನ್ನುವುದು ಬೇಸರದ ಸಂಗತಿ.

ಯುಟಿಯಲ್ಲಿ ಒಳದೋಷ ಸಿಕ್ಕರೆ ಮುಂದಿನ ದುರಸ್ತಿಯಲ್ಲಿ ಎರಡೂ ವಿಧಾನಗಳು ಒಂದಕ್ಕೊಂದು ನೆರವಾಗುತ್ತವೆ. ಯುಟಿ ಹೇಳಿದ ಆಳದವರೆಗೆ ಗ್ರೈಂಡರ್‌ನಿಂದ ತೋಡುತ್ತಾರೆ. ಆಗ ಒಳಗಿದ್ದ ದೋಷವೇ ಮೇಲ್ಮೈಗೆ ಬರುವುದರಿಂದ ಆ ತೋಡಿಗೆ ಡಿಪಿ ಮಾಡಬಹುದು. ಕೆಂಪು ಗೆರೆ ಕಂಡರೆ ಇನ್ನಷ್ಟು ತೋಡಿ ಮತ್ತೆ ನೋಡುತ್ತಾರೆ. ಗೆರೆ ಪೂರ್ತಿ ಮಾಯವಾದ ಮೇಲೆ ಕೆಂಪು ದ್ರವ ಮತ್ತು ಬಿಳಿ ಪುಡಿಯನ್ನು ಚೆನ್ನಾಗಿ ತೊಳೆದು ತೆಗೆದು, ಮರುಬೆಸುಗೆ ಹಾಕಿ, ಕಾಯಬೇಕಾದಷ್ಟು ಕಾಲ ಕಾದು, ಮೊದಲು ಹಿಡಿದಿದ್ದ ಕೋನದಲ್ಲೇ ಯುಟಿ ಪ್ರೋಬ್ ಇಟ್ಟು ಮತ್ತೊಮ್ಮೆ ನೋಡುತ್ತಾರೆ.