ಹದಿನೆಂಟು ಸಾವಿರ ಮಂದಿ ನೋಡಿದರು, ಹನ್ನೆರಡು ಮಂದಿ ಕೊಂಡರು

ಡೊಂಬಿವಲಿಯ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಧಾರವಾಡ ಕಡೆಯ ಒಬ್ಬ ಅಕ್ಕ ಇದ್ದಾರೆ. ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಕಟಕ ರೊಟ್ಟಿ ಮಾಡಿ ಇನ್‌ಸ್ಟಾಗ್ರಾಂ ಮೂಲಕ ಮಾರುತ್ತಾರೆ. ಗುರುವಾರ ಸಂಜೆಯವರೆಗೆ ಆರ್ಡರ್, ಶನಿವಾರ ಠಾಣೆಯಿಂದ ಕಲ್ಯಾಣದವರೆಗೆ ಡೆಲಿವರಿ. ಕಚೇರಿಯಲ್ಲಿ ನನ್ನ ಕೆಲಸವೇ ವರದಿ ಬರೆಯುವುದಾದ್ದರಿಂದ, ಅವರ ಖಾತೆಯ ವಾರದ ಲೆಕ್ಕವನ್ನೂ ನಾನೇ ಬರೆದುಕೊಡುತ್ತೇನೆ.

ಒಂದು ಮಂಗಳವಾರ ಬೆಳಿಗ್ಗೆ ಅಕ್ಕ ಫೋನ್ ಹಿಡಿದುಕೊಂಡೇ ಬಂದರು. "ತಮ್ಮಾ, ರೊಟ್ಟಿ ಬಡಿಯೋ ರೀಲ್ ಹದಿನೆಂಟು ಸಾವಿರ ಮಂದಿಗೆ ಮುಟ್ಟೇತಿ. ಕೆಲಸಕ್ಕ ಇನ್ನೊಬ್ಬಾಕಿನ್ನ ಕರದು ನಾನ್ನೂರು ರೊಟ್ಟಿ ಮಾಡಿ ಇಟ್ಟೆ. ನೂರಾ ನಲವತ್ತ ಹೋದವು ನೋಡು. ಇದ್ಯಾಕ ಹಿಂಗ?"

ಉತ್ತರ ಅವರ ಫೋನಿನೊಳಗೇ ಇತ್ತು. ಆದರೆ ಅವರು ನೋಡಿದ್ದು ಒಂದೇ ಅಂಕಿ.

ರೀಚ್ ಎಂದರೆ ಎಷ್ಟು ಜನ, ಎಷ್ಟು ಸಲ ಅಲ್ಲ

ಇನ್‌ಸ್ಟಾಗ್ರಾಂನಲ್ಲಿ ಖಾತೆಯನ್ನು ವ್ಯಾಪಾರಿ ಖಾತೆಯಾಗಿ ಬದಲಿಸಿಕೊಂಡರೆ Insights ಎಂಬ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಕಾಣುವ ರೀಚ್ ಎಂದರೆ, ನಮ್ಮ ಪೋಸ್ಟ್ ಎಷ್ಟು ಬೇರೆ ಬೇರೆ ಖಾತೆಗಳಿಗೆ ತಲುಪಿತು ಎಂಬ ಲೆಕ್ಕ. ಒಬ್ಬರೇ ಮೂರು ಸಲ ನೋಡಿದರೆ ವ್ಯೂಸ್ ಮೂರು, ರೀಚ್ ಒಂದೇ.

ಅಕ್ಕ ಮೊದಲು ದಿನದಿನದ ರೀಚ್ ಬರೆದಿಟ್ಟು ವಾರದ ಕೊನೆಗೆ ಕೂಡಿಸುತ್ತಿದ್ದರು. ಅದು ತಪ್ಪು. ಸ್ಟೇಷನ್ನಿನ ಬ್ರಿಡ್ಜ್ ಮೇಲೆ ಒಬ್ಬರೇ ಪರಿಚಯಸ್ಥರು ಸೋಮವಾರವೂ ಸಿಕ್ಕರು, ಬುಧವಾರವೂ ಸಿಕ್ಕರು ಎಂದು ಇಬ್ಬರು ಸಿಕ್ಕರು ಅನ್ನಲಾಗದು. ಹಾಗೆ ಕೂಡಿಸಿದಾಗ ಒಂದು ವಾರ ಅವರಿಗೆ 3,400 ಬಂದಿತ್ತು. ದಿನಾಂಕಗಳಲ್ಲಿ ಸೋಮವಾರದಿಂದ ಭಾನುವಾರದವರೆಗೆ ಆರಿಸಿ ಒಂದೇ ಸಲ ನೋಡಿದಾಗ ಸಿಕ್ಕಿದ್ದು 2,140. ವರದಿಗೆ ಬೇಕಾದದ್ದು ಈ ಎರಡನೆಯದು. ಭಾನುವಾರ ರಾತ್ರಿಯ ಲೆಕ್ಕ ಕೆಲವೊಮ್ಮೆ ತಡವಾಗಿ ಸೇರುವುದರಿಂದ ನಾನು ಅಂಕಿ ತೆಗೆಯುವುದು ಮಂಗಳವಾರವೇ.

ಎರಡು ವಾರ ಅಕ್ಕಪಕ್ಕ

ರೀಲಿನ ಹಿಂದಿನ ವಾರ ರೀಚ್ 2,140. ಲೈಕ್, ಕಾಮೆಂಟ್, ಸೇವ್, ಶೇರ್ ಎಲ್ಲ ಸೇರಿ 193. ಇದೇ ಎಂಗೇಜ್‌ಮೆಂಟ್. ಇದನ್ನು ರೀಚ್‌ನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 9. ರೀಲಿನ ವಾರ ರೀಚ್ 18,400, ಎಂಗೇಜ್‌ಮೆಂಟ್ 442, ಅಂದರೆ ಶೇಕಡಾ 2.4. ಒಟ್ಟು ಸಂಖ್ಯೆ ದುಪ್ಪಟ್ಟಿಗಿಂತ ಹೆಚ್ಚಾಗಿದೆ, ಆದರೆ ತಲುಪಿದ ನೂರು ಮಂದಿಯಲ್ಲಿ ಸ್ಪಂದಿಸಿದವರು ಕಾಲು ಭಾಗಕ್ಕೆ ಇಳಿದಿದ್ದಾರೆ.

ಇಷ್ಟರಿಂದಲೇ ರೀಲ್ ಕೆಟ್ಟದ್ದು ಎನ್ನುವಂತಿಲ್ಲ. ಹೊಸಬರಿಗೆ ಹೆಚ್ಚು ತಲುಪಿದಾಗ ಈ ಪ್ರಮಾಣ ಇಳಿಯುವುದು ಸಹಜ. ಅದಕ್ಕೇ ಎಂಗೇಜ್‌ಮೆಂಟನ್ನು ಬಿಡಿಸಿ ನೋಡಬೇಕು. ಹಿಂದಿನ ವಾರ ಹೋಳಿಗೆಯ ದರಪಟ್ಟಿಯ ಚಿತ್ರವನ್ನು 34 ಮಂದಿ ಸೇವ್ ಮಾಡಿಕೊಂಡಿದ್ದರು. ದರಪಟ್ಟಿಯನ್ನು ಸೇವ್ ಮಾಡುವವರಿಗೆ ಮುಂದೆ ತರಿಸುವ ಯೋಚನೆ ಇರುತ್ತದೆ. ರೀಲಿನ ವಾರ ಲೈಕ್ 362, ಸೇವ್ ಬರೀ 9. ರೊಟ್ಟಿ ಬಡಿಯುವ ಸದ್ದು ಕೇಳಿ ಖುಷಿಪಟ್ಟು ಲೈಕ್ ಒತ್ತಿ ಮುಂದೆ ಹೋಗಿದ್ದಾರೆ.

ಯಾರು ಇವರು? ರೀಚ್ ಒತ್ತಿದರೆ ಫಾಲೋವರ್ ಎಷ್ಟು, ಅಲ್ಲದವರು ಎಷ್ಟು ಎಂಬ ಪಾಲು ಕಾಣುತ್ತದೆ. ಆ ವಾರ ಶೇಕಡಾ 94 ಫಾಲೋವರ್ ಅಲ್ಲದವರು. ಊರುಗಳ ಪಟ್ಟಿಯಲ್ಲಿ ಮೊದಲು ಬೆಂಗಳೂರು, ಆಮೇಲೆ ಹುಬ್ಬಳ್ಳಿ, ಬೆಳಗಾವಿ. ಮುಂಬಯಿ ನಾಲ್ಕನೆಯದು. ರೀಲಿಗೆ ಕನ್ನಡದ ಹಾಡು ಹಾಕಿದ್ದರು, ಮಾತೂ ಕನ್ನಡವೇ. ಹಾಗಾಗಿ ಅದು ಊರಿಗೆ ಹೋಯಿತು. ಊರಿನವರಿಗೆ ಡೊಂಬಿವಲಿಯಿಂದ ರೊಟ್ಟಿ ಯಾಕೆ ಬೇಕು? ಬೇಕೆಂದರೂ ಕೊರಿಯರ್‌ನಲ್ಲಿ ಕಟಕ ರೊಟ್ಟಿ ಪುಡಿಯಾಗುತ್ತದೆಂದು ಅಕ್ಕ ಹೊರಗೆ ಕಳಿಸುವುದೇ ಇಲ್ಲ. ಆ ವಾರ ವಿಚಾರಿಸಿದವರು 31 ಮಂದಿ, ಅದರಲ್ಲಿ 19 ಮಂದಿ ನಮ್ಮೂರಿಗೆ ಕಳಿಸ್ತೀರಾ ಎಂದು ಕೇಳಿದವರು. ಉಳಿದ 12 ಮಂದಿ ಕೊಂಡರು. ಹಿಂದಿನ ವಾರ ಕೊಂಡವರು 17.

ಐದು ಆರ್ಡರ್ ಕಡಿಮೆಯಾದದ್ದಕ್ಕೆ ಕಾರಣ ರೀಲ್ ಅಲ್ಲ. ಅದರ ಸಂಭ್ರಮದಲ್ಲಿ ಅಕ್ಕ ಬುಧವಾರದ ದರಪಟ್ಟಿ ಹಾಕುವುದನ್ನೇ ಮರೆತಿದ್ದರು. ಕಾಯಂ ಗಿರಾಕಿಗಳಿಗೆ ನೆನಪಿಸುವವರೇ ಇರಲಿಲ್ಲ.

ಬಂದವರು, ಹೋದವರು

ಫಾಲೋವರ್ ವಿಷಯದಲ್ಲಿ ಒಟ್ಟು ಸಂಖ್ಯೆ ನೋಡಿದರೆ ಸಾಲದು. Follows ಮತ್ತು Unfollows ಎರಡನ್ನೂ ಬರೆಯಬೇಕು. ರೀಲಿನ ವಾರ 96 ಮಂದಿ ಬಂದರು, 12 ಮಂದಿ ಹೋದರು, ನಿವ್ವಳ 84 ಏರಿಕೆ. 1,326 ಇದ್ದದ್ದು 1,410 ಆಯಿತು. ಮುಂದಿನ ವಾರ 21 ಮಂದಿ ಬಂದರು, 43 ಮಂದಿ ಹೋದರು. ನಿವ್ವಳ 22 ಇಳಿಕೆ. ರೀಲ್ ನೋಡಿ ಸೇರಿದವರಿಗೆ ಮರುವಾರ ಠಾಣೆ, ಕಲ್ಯಾಣದ ಡೆಲಿವರಿ ಸಮಯ ಕಂಡರೆ ಅವರು ನಿಲ್ಲುವುದಿಲ್ಲ. ಆದ್ದರಿಂದ ಒಂದು ವಾರದ ಏರಿಕೆಯನ್ನು ನಂಬುವ ಮೊದಲು ಮುಂದಿನ ವಾರದ ಇಳಿಕೆಗೆ ಕಾಯಬೇಕು.

ಅದೇ ಹೊತ್ತಿಗೆ ಒಬ್ಬರು ಅಕ್ಕನಿಗೆ ಎರಡೂವರೆ ಸಾವಿರ ರೂಪಾಯಿಗೆ ಐದು ಸಾವಿರ ಫಾಲೋವರ್ ಕೊಡುವ ಮಾತಾಡಿದ್ದರು. ನಾನು ಲೆಕ್ಕ ಹಾಕಿ ತೋರಿಸಿದೆ. ಹಾಗೆ ಬರುವ ಖಾತೆಗಳು ಲೈಕ್ ಮಾಡುವುದಿಲ್ಲ, ಕೊಳ್ಳುವುದೂ ಇಲ್ಲ. ಫಾಲೋವರ್ ಆರು ಸಾವಿರ ದಾಟಿ ಎಂಗೇಜ್‌ಮೆಂಟ್ 193ರಲ್ಲೇ ನಿಂತರೆ, ಅದು ಕೊಂಡು ತಂದ ಗುಂಪೆಂದು ನೋಡಿದವರಿಗೆ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾವ ಪೋಸ್ಟ್ ನಿಜವಾದ ಗಿರಾಕಿಗೆ ಹಿಡಿಸಿತು ಎಂಬ ನಮ್ಮ ಲೆಕ್ಕವೇ ಕೆಡುತ್ತದೆ.

ಒಂದು ಪುಟದ ವರದಿ

ಈಗ ಅಕ್ಕನ ವರದಿ ಆರು ಸಾಲು. ವಾರದ ರೀಚ್ ಮತ್ತು ಅದರಲ್ಲಿ ಫಾಲೋವರ್‌ಗಳ ಪಾಲು. ಎಂಗೇಜ್‌ಮೆಂಟ್ ಶೇಕಡಾವಾರು, ಪಕ್ಕದಲ್ಲಿ ಸೇವ್. ಬಂದವರು, ಹೋದವರು, ನಿವ್ವಳ. ಡೆಲಿವರಿ ಪ್ರದೇಶದಿಂದ ವಿಚಾರಿಸಿದವರು. ಆರ್ಡರ್. ಕೊನೆಯ ಸಾಲಿನಲ್ಲಿ ಆ ವಾರ ಹೊಸದಾಗಿ ಮಾಡಿದ್ದೇನು, ಬಿಟ್ಟದ್ದೇನು. ಈ ಕೊನೆಯ ಸಾಲು ಇಲ್ಲದಿದ್ದರೆ, ದರಪಟ್ಟಿ ಹಾಕಲು ಮರೆತದ್ದು ತಿಂಗಳ ನಂತರ ಯಾರಿಗೂ ನೆನಪಿರುತ್ತಿರಲಿಲ್ಲ.

ಇದರಲ್ಲಿ ಕೊರತೆಗಳೂ ಇವೆ. ವಾಟ್ಸಾಪ್‌ಗೆ ನೇರ ಬರುವ ಆರ್ಡರ್ Insights ಪುಟದಲ್ಲಿ ಕಾಣದು. ಅದಕ್ಕೆ ಅಕ್ಕ ಪ್ರತಿ ಹೊಸ ಗಿರಾಕಿಯನ್ನೂ ಎಲ್ಲಿ ನೋಡಿದಿರಿ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಗಣಪತಿ ಹಬ್ಬದ ವಾರವನ್ನು ಅದರ ಹಿಂದಿನ ವಾರದ ಜೊತೆ ಹೋಲಿಸಿದರೂ ಅರ್ಥವಿಲ್ಲ, ಹೋದ ವರ್ಷದ ಹಬ್ಬದ ಜೊತೆ ಹೋಲಿಸಬೇಕು. 20 ಆರ್ಡರ್ ಬರುವ ಕಡೆ ಎರಡು ಮೂರು ಹೆಚ್ಚುಕಡಿಮೆಯಾದರೆ ಅದರಿಂದ ಏನನ್ನೂ ತೀರ್ಮಾನಿಸಬಾರದು. ನಾಲ್ಕು ವಾರ ಒಂದೇ ದಿಕ್ಕಿಗೆ ಹೋದರೆ ಆಗ ಯೋಚಿಸಬೇಕು.

ಅಕ್ಕ ರೊಟ್ಟಿಯ ರೀಲ್ ಬಿಟ್ಟಿಲ್ಲ. ಆದರೆ ಈಗ ಮೊದಲ ಸಾಲಿನಲ್ಲೇ ಠಾಣೆ–ಕಲ್ಯಾಣ ಎಂದು ಬರೆಯುತ್ತಾರೆ, ಬುಧವಾರದ ದರಪಟ್ಟಿ ತಪ್ಪಿಸುವುದಿಲ್ಲ. ಹಾಗೆ ಮಾಡಿದ ಮೊದಲ ವಾರ ರೀಚ್ 2,480, ಆರ್ಡರ್ 21. ವರದಿ ಓದಿ ಅವರು ಕೇಳಿದ್ದು ಇಷ್ಟೇ: "ಹಂಗಾರ ಈ ವಾರ ರೊಟ್ಟಿ ಎಷ್ಟು ಮಾಡ್ಲಿ?" ಹೋದ ವಾರ ಹೋದದ್ದು ನೂರಾ ಎಂಬತ್ತು. ಇನ್ನೂರು ಮಾಡಿದರು, ಹನ್ನೊಂದು ಉಳಿದವು. ಅವನ್ನು ನಮ್ಮ ಮನೆಗೆ ಕೊಟ್ಟು ಹೋದರು.