ಕರೆಂಟ್ ಬಂತು ಅಂದ್ರೆ ನೀವು ಕಂಬ ಇಳಿದ್ರಿ ಅಂತ

ಮೇ 31 ಬಂತೆಂದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಹಾರ, ಶಾಲು, ಫಲತಾಂಬೂಲಗಳದ್ದೇ ಓಡಾಟ. ಈಗ ಅರವತ್ತು ತುಂಬುತ್ತಿರುವ ತಲೆಮಾರಿನಲ್ಲಿ ಬಹಳ ಜನರ ನಿಜವಾದ ಹುಟ್ಟಿದ ದಿನ ಮನೆಯವರಿಗೇ ನೆನಪಿರಲಿಲ್ಲ. ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಮೇಷ್ಟ್ರು ಲೆಕ್ಕ ಸರಿಹೊಂದುವಂತೆ ಜೂನ್ 1 ಎಂದು ಬರೆದುಕೊಂಡರು. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕಡೆಯ ದಿನವೇ ನಿವೃತ್ತರಾಗಬೇಕು ಎನ್ನುವುದು ನಿಯಮ. ಹಾಗಾಗಿ ಮೇಷ್ಟ್ರು ಅಂದಾಜಿಗೆ ಬರೆದ ತಾರೀಖು ಅರ್ಧ ಶತಮಾನ ದಾಟಿ ಬಂದು ಅಷ್ಟೂ ಜನರನ್ನು ಒಂದೇ ಸಂಜೆ ಮನೆಗೆ ಕಳಿಸುತ್ತದೆ.

ಬೀಳ್ಕೊಡುಗೆ ಸಮಾರಂಭದಲ್ಲಿ ಹೆಂಡತಿಗೂ ಒಂದು ಕುರ್ಚಿ ಇರುತ್ತದೆ. ಚೌಕಟ್ಟು ಹಾಕಿಸಿದ ಬಿನ್ನವತ್ತಳೆ ಓದುತ್ತಾರೆ: ಸರಳ, ಸಜ್ಜನ, ಅಜಾತಶತ್ರು, ಕರ್ತವ್ಯನಿಷ್ಠ. ಕಡೆಗೆ ಯಾರೋ ಮೈಕು ಆಕೆಯ ಕಡೆ ಚಾಚಿ, 'ಮೇಡಂ, ಎರಡು ಮಾತು' ಎನ್ನುತ್ತಾರೆ. ಆಕೆ ನಕ್ಕು ಕೈ ಅಲ್ಲಾಡಿಸುತ್ತಾಳೆ. ಹೇಳಲು ಏನೂ ಇಲ್ಲ ಅಂತಲ್ಲ, ಅಲ್ಲಿ ಹೇಳುವಂಥದ್ದು ಇಲ್ಲ. ಅದನ್ನು ಕಾಗದದಲ್ಲಿ ಬರೆದು ಕೊಡುವ ಹೆಂಗಸರೂ ಇದ್ದಾರೆ, ಬರೆಯಬೇಕೆಂದು ಕೂತು ಎರಡನೇ ಸಾಲಿಗೇ ಪೆನ್ನು ಮುಚ್ಚಿಟ್ಟವರೂ ಇದ್ದಾರೆ. ಈ ಬರಹ ಎರಡನೆಯವರಿಗಾಗಿ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ತೀರ್ಥಹಳ್ಳಿ ಕಡೆಯ ಒಬ್ಬ ಲೈನ್‌ಮನ್, ಆತನ ಹೆಂಡತಿ ಎಂದುಕೊಳ್ಳಿ. 1995ರಲ್ಲಿ ಮದುವೆ, 2025ರ ಮೇ 31ಕ್ಕೆ ನಿವೃತ್ತಿ. ಮದುವೆಯಾದಾಗ ಗಂಡ ಕೆಇಬಿ ನೌಕರ. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು, 2002ರಲ್ಲಿ ಆ ಕಡೆಯ ವಿತರಣೆ ಮೆಸ್ಕಾಂ ಪಾಲಾಯಿತು. ಊರಿನವರಿಗೆ ಮಾತ್ರ ಆತ ಇವತ್ತಿಗೂ 'ಕೆಇಬಿಯವರು'. ಈಕೆ ಕಾಗದ ಬರೆಯಲು ಕೂತಿದ್ದಾಳೆ.

ಮೊದಲ ತೊಡಕು ಸಂಬೋಧನೆ. 'ಪ್ರಿಯತಮಾ' ಎಂದರೆ ಸಿನಿಮಾ, 'ಪೂಜ್ಯ ಪತಿದೇವರಿಗೆ' ಎಂದರೆ ವ್ರತಕಥೆ. ಮೂವತ್ತು ವರ್ಷ ಒಳಮನೆಯಿಂದ ಹೇಗೆ ಕೂಗಿದ್ದಾಳೋ ಹಾಗೇ ಶುರುಮಾಡಿದರೆ ಸಾಕು: 'ಏನ್ರೀ, ಇದನ್ನ ಕನ್ನಡಕ ಹಾಕ್ಕೊಂಡು ಓದಿ.'

ನಿಜವಾದ ಕಷ್ಟ ಎರಡನೇ ಸಾಲಿಗೆ. ಅಲ್ಲಿ ಬಿನ್ನವತ್ತಳೆಯ ಗಾಳಿ ಬೀಸಿಬಿಡುತ್ತದೆ. 'ನೀವು ಮಳೆ ಗಾಳಿ ಎನ್ನದೆ ನಿಸ್ವಾರ್ಥ ಸೇವೆ ಸಲ್ಲಿಸಿದ್ದೀರಿ' ಎಂದು ಬರೆಯುತ್ತಾಳೆ. ಇದರಲ್ಲಿ ಸುಳ್ಳೇನಿಲ್ಲ. ಆದರೆ ಈ ಸಾಲನ್ನು ಸೆಕ್ಷನ್ ಆಫೀಸರೂ ಬರೆಯಬಹುದಿತ್ತು. ಬರೆದ ಪ್ರತಿ ಸಾಲಿಗೂ ಈ ಪರೀಕ್ಷೆ ಒಡ್ಡಿ ನೋಡಬೇಕು: ಇದನ್ನು ಬೇರೆ ಯಾರಾದರೂ ಬರೆಯಬಲ್ಲರೆ? ಬರೆಯಬಲ್ಲರಾದರೆ ಹೊಡೆದುಹಾಕಿ. ಆತ ಎಷ್ಟು ಕಂಬ ಹತ್ತಿದ ಎಂಬುದು ಕಚೇರಿಗೆ ಗೊತ್ತು. ಆತ ಕಂಬದ ಮೇಲಿದ್ದ ಹೊತ್ತಿನಲ್ಲಿ ಮನೆಯೊಳಗೆ ಏನು ನಡೆಯುತ್ತಿತ್ತು ಎಂಬುದು ಈಕೆಗೊಬ್ಬಳಿಗೇ ಗೊತ್ತು, ಅದು ಆತನಿಗೂ ಗೊತ್ತಿಲ್ಲ. ಕಾಗದಕ್ಕೆ ಬೇಕಾದ ಸರಕು ಅದು.

ಏನು ನಡೆಯುತ್ತಿತ್ತು? ಆರಿದ್ರ ಮಳೆಯ ರಾತ್ರಿ, ಮರ ಬಿದ್ದು ಲೈನು ಹರಿದಿದೆ, ಆತ ಟಾರ್ಚು ಹಿಡಿದು ಹೋಗಿದ್ದಾನೆ. ಆಗ ಮೊಬೈಲ್ ಇಲ್ಲ. ಈಕೆ ಸೀಮೆಎಣ್ಣೆ ಬುಡ್ಡಿ ಹಚ್ಚಿಟ್ಟು, ಲೈಟಿನ ಸ್ವಿಚ್ಚನ್ನು ಮಾತ್ರ ಆನ್ ಮಾಡಿಯೇ ಬಿಟ್ಟಿರುತ್ತಿದ್ದಳು. ಬಲ್ಬು ಹತ್ತಿಕೊಂಡರೆ ಬುಡ್ಡಿ ಆರಿಸಿ, ಸ್ನಾನಕ್ಕೆ ನೀರು ಕಾಯಿಸಲು ಒಲೆಗೆ ಸೌದೆ ಒಟ್ಟುತ್ತಿದ್ದಳು.

ಇದರ ಹಿಂದೆ ಒಂದು ಕ್ರಮವಿದೆ. ಹನ್ನೊಂದು ಕೆವಿ ಲೈನಿನ ಮೇಲೆ ಕೆಲಸ ಮಾಡುವ ಮುಂಚೆ ಸಬ್‌ಸ್ಟೇಷನ್ನಿನಿಂದ 'ಎಲ್‌ಸಿ' ಅಂದರೆ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಅಲ್ಲಿನವರು ಲೈನು ಬಂದ್ ಮಾಡಿ, ಯಾರಿಗೆ ಎಷ್ಟು ಹೊತ್ತಿಗೆ ಎಲ್‌ಸಿ ಕೊಟ್ಟೆವೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಲೈನ್‌ಮನ್ ಲೈನಿನಲ್ಲಿ ವಿದ್ಯುತ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅರ್ತ್ ರಾಡ್ ಹಾಕಿ, ಆಮೇಲೆ ಕಂಬ ಹತ್ತುತ್ತಾನೆ. ಕೆಲಸ ಮುಗಿದ ಮೇಲೆ ಎಲ್ಲರೂ ಇಳಿದು, ಅರ್ತ್ ರಾಡ್ ತೆಗೆದು, ಎಲ್‌ಸಿ ವಾಪಸ್ ಕೊಡಬೇಕು. ಅಲ್ಲಿಯವರೆಗೆ ಸಬ್‌ಸ್ಟೇಷನ್ನಿನವರು ಲೈನ್ ಚಾರ್ಜ್ ಮಾಡುವಂತಿಲ್ಲ. ಮನೆಯ ಬಲ್ಬು ಹತ್ತಿತೆಂದರೆ ಆತನ ಕಾಲು ನೆಲ ಮುಟ್ಟಿಯಾಗಿದೆ ಎಂದೇ ಲೆಕ್ಕ. ಈ ಸೂಕ್ಷ್ಮಗಳೆಲ್ಲ ಆಕೆಗೆ ಬೇಕಿರಲಿಲ್ಲ, ಬಲ್ಬು ಹತ್ತಿದ ಅರ್ಧ ಗಂಟೆಗೆ ಸೈಕಲ್ಲಿನ ಸದ್ದು ಕೇಳುತ್ತದೆ ಎಂದಷ್ಟೇ ಗೊತ್ತಿತ್ತು.

ಈಗ ಕಾಗದದ ಆ ಭಾಗ ಹೀಗಾಗುತ್ತದೆ:

'ನಾನು ಸ್ವಿಚ್ಚು ಆಫ್ ಮಾಡೋದು ಮರೀತೀನಿ ಅಂತ ಎಷ್ಟು ಸಲ ಬೈದಿದ್ದೀರಿ. ಮರೆತದ್ದಲ್ಲ. ನೀವು ಲೈನಿಗೆ ಹೋದ ರಾತ್ರಿ ಬೇಕಂತಲೇ ಹಾಕಿಟ್ಟಿರ್ತಿದ್ದೆ. ಬಲ್ಬು ಹತ್ತಿದ್ರೆ ನೀವು ಕಂಬ ಇಳಿದ್ರಿ ಅಂತ. ಊರಿನವರಿಗೆಲ್ಲ ಕರೆಂಟ್ ಬಂತು, ನನಗೆ ನೀವು ಬಂದ್ರಿ. ಆಮೇಲೆ ನೀರು ಕಾಯಿಸ್ತಿದ್ದೆ. ನೀವು ಬಂದಾಗ ನೀರು ಯಾವಾಗ್ಲೂ ಬಿಸಿ ಇರ್ತಿತ್ತಲ್ಲ, ಹೇಗೆ ಅಂತ ಒಂದು ದಿನ ಕೇಳ್ಲಿಲ್ಲ ನೀವು.'

ಪ್ರೀತಿ ಎಂಬ ಪದ ಇಲ್ಲಿ ಎಲ್ಲೂ ಬಂದಿಲ್ಲ. ಬಂದರೂ ತಪ್ಪೇನಿಲ್ಲ, ಆದರೆ ಅದಕ್ಕೆ ಮುಂಚೆ ಬಿಸಿನೀರು ಬಂದಿರಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಕಾಗದ ಒಂದು ಸುಳ್ಳು ಹೇಳಿದಂತಾಗುತ್ತದೆ. ಆ ಲೆಕ್ಕ ಎಲ್ಲ ರಾತ್ರಿಯೂ ನಡೆಯುತ್ತಿರಲಿಲ್ಲ. ಬೇರೆ ಫೀಡರಿನ ಕೆಲಸವಿದ್ದರೆ ಈ ಮನೆಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ, ಆತ ಇನ್ನೆಲ್ಲೋ ಕಂಬದ ಮೇಲಿರುತ್ತಾನೆ. ಸಬ್‌ಸ್ಟೇಷನ್ ಲೈನು ಬಂದ್ ಮಾಡಿದ್ದರೂ ಯಾರದೋ ಮನೆಯ ಜನರೇಟರ್ ಸರಿಯಾದ ಚೇಂಜ್‌ಓವರ್ ಇಲ್ಲದೆ ಓಡುತ್ತಿದ್ದರೆ ಅದರ ವಿದ್ಯುತ್ ಹಿಂದಕ್ಕೆ ಹರಿದು ಲೈನಿಗೆ ಬರುವ ಅಪಾಯವಿದೆ. ಅರ್ತ್ ರಾಡ್ ಹಾಕುವುದು ಇದಕ್ಕೂ ಸೇರಿಯೇ. ಗಂಡ ಇದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಮದುವೆಯಾಗಿ ಹಲವು ವರ್ಷವಾದ ಮೇಲೆ ಇನ್ನೊಬ್ಬ ಲೈನ್‌ಮನ್ ಹೆಂಡತಿಯ ಬಾಯಲ್ಲಿ ಆಕೆ ಕೇಳಿದಳು. ಆ ಮಾತೂ ಕಾಗದಕ್ಕೆ ಬರಬೇಕು: 'ಜನರೇಟರ್ ವಿಷಯ ನನಗೆ ಗೊತ್ತಾಯ್ತು ಅಂತ ನಿಮಗೆ ಹೇಳ್ಲಿಲ್ಲ. ನೀವು ನನಗೆ ಗೊತ್ತಾಗಬಾರದು ಅಂತ ಮುಚ್ಚಿಟ್ಟಿದ್ರಿ, ನನಗೆ ಗೊತ್ತು ಅಂತ ನಾನು ಮುಚ್ಚಿಟ್ಟೆ.' ಗಂಡನ ಕಣ್ಣು ಒದ್ದೆಯಾಗುವುದಿದ್ದರೆ ಅದು ಇಲ್ಲೇ ಎಂದು ನನ್ನ ಅಂದಾಜು.

ವೃತ್ತಿಯ ವಿವರ ಬಳಸುವಾಗ ಒಂದು ಎಚ್ಚರ ಬೇಕು. ಕೆಲಸದ ಹೆಸರು, ಸಾಮಾನಿನ ಹೆಸರು ತಪ್ಪಾದರೆ ಆತ ಅತ್ತ ಗಮನ ಹರಿಸಿ ತಿದ್ದಲು ಕೂತುಬಿಡುತ್ತಾನೆ. ಗಂಡಸರ ಸ್ವಭಾವ. ಅನುಮಾನವಿದ್ದರೆ ಆತನ ಜೊತೆ ಕೆಲಸ ಮಾಡಿದ ಒಬ್ಬರನ್ನು ಗುಟ್ಟಾಗಿ ಕೇಳಿಕೊಳ್ಳಿ, ಇಲ್ಲವೇ ತಾಂತ್ರಿಕ ಪದ ಬಿಟ್ಟು ನಿಮಗೆ ಕಂಡಂತೆ ಬರೆಯಿರಿ.

ಇನ್ನು ದೂರು. ಮೂವತ್ತು ವರ್ಷದ ಸಂಸಾರದ ಕಾಗದದಲ್ಲಿ ಒಂದೂ ದೂರಿಲ್ಲದಿದ್ದರೆ ಓದುವವನಿಗೇ ನಂಬಿಕೆ ಬರುವುದಿಲ್ಲ, ಯಾರೋ ಬರೆದುಕೊಟ್ಟಿರಬೇಕು ಅನ್ನಿಸುತ್ತದೆ. ಆದರೆ ಒಂದೇ ಇರಲಿ, ಇಂಥ ದಿನ ಇಂಥದ್ದು ಎಂಬಂತಿರಲಿ. 'ಯಾವತ್ತೂ', 'ಒಂದು ಸಲಾನೂ', 'ನಿಮ್ಮ ಮನೆಯವರು' ಎಂಬ ಮಾತುಗಳು ಬರತೊಡಗಿದರೆ ಕಾಗದ ಜಗಳಕ್ಕೆ ತಿರುಗಿತು ಎಂದು ತಿಳಿದು ಪೆನ್ನು ಕೆಳಗಿಡಿ. ನಮ್ಮ ಲೈನ್‌ಮನ್ ಹೆಂಡತಿ ಮಗಳ ನಾಮಕರಣ ಹಿಡಿಯುತ್ತಾಳೆ:

'ಪಾಪುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ನೀವು ಇರ್ಲಿಲ್ಲ. ಲೈನು ಬಿದ್ದಿತ್ತು, ಗೊತ್ತು. ಆದ್ರೂ ನನಗೆ ಬೇಜಾರಾಗಿತ್ತು. ಈಗಲೂ ಸ್ವಲ್ಪ ಇದೆ.'

ಇದರ ಬೆನ್ನಿಗೇ 'ಆದರೆ ನಿಮ್ಮ ತ್ಯಾಗ ದೊಡ್ಡದು' ಎಂದು ಸೇರಿಸಬೇಕೆಂಬ ಆಸೆ ಬರುತ್ತದೆ. ಸೇರಿಸಬೇಡಿ. 'ಸ್ವಲ್ಪ ಇದೆ' ಎಂದು ಧೈರ್ಯವಾಗಿ ಹೇಳುವ ಸಲುಗೆಯೇ ಮೂವತ್ತು ವರ್ಷದ ಗಳಿಕೆ. ಹೊಸ ಮದುವಣಗಿತ್ತಿಗೆ ಅದು ಇರುವುದಿಲ್ಲ.

ಮುಂದಿನ ದಿನಗಳ ಬಗ್ಗೆ ಬರೆಯುವಾಗ ಕಾಶಿ, ರಾಮೇಶ್ವರದ ಪಟ್ಟಿ ಹಾಕುವವರೇ ಹೆಚ್ಚು. ಯಾತ್ರೆ ಹದಿನೈದು ದಿನಕ್ಕೆ ಮುಗಿಯುತ್ತದೆ. ಬೆಳಗ್ಗೆ ಹತ್ತು ಗಂಟೆಗೆ ಇಬ್ಬರೂ ಒಂದೇ ಮನೆಯಲ್ಲಿ ಇರುವುದು ದಿನಾ ಇರುತ್ತದೆ. ಆಕೆಯ ಹಗಲಿಗೆ ಆಕೆಯದೇ ಒಂದು ಲಯ ಬಂದುಬಿಟ್ಟಿದೆ. ಈಗ ಆತ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು ಸಾಸಿವೆ ಡಬ್ಬ ಎಲ್ಲಿರಬೇಕೆಂದು ಸಲಹೆ ಕೊಡತೊಡಗಿದರೆ ಏನು ಗತಿ? ಇದನ್ನು ಕಾಗದದಲ್ಲೇ ನಗುತ್ತ ಹೇಳಿಬಿಡುವುದು ಒಳ್ಳೆಯದು, ಆಗಸ್ಟ್ ಹೊತ್ತಿಗೆ ಹೇಳಿದರೆ ನಗು ಇರುವುದಿಲ್ಲ. ನಿವೃತ್ತಿ ಮೇ 31ಕ್ಕೆ ಬಂದದ್ದರಿಂದ ಇನ್ನೊಂದು ಮಾತೂ ಇದೆ. ಅದರ ಬೆನ್ನಿಗೇ ಮಳೆಗಾಲ:

'ಈ ಸಲ ಆರಿದ್ರ ಮಳೇಲಿ ಕರೆಂಟ್ ಹೋದ್ರೆ ನೀವು ಎದ್ದು ಚಪ್ಪಲಿ ಹುಡುಕ್ತೀರಿ, ನನಗೆ ಗೊತ್ತು. ಹುಡುಕಿ ಪರವಾಗಿಲ್ಲ. ಆಮೇಲೆ ಬಂದು ಕೂತ್ಕೊಳ್ಳಿ. ಕರೆಂಟ್ ಬರೋವರೆಗೂ ಇಬ್ಬರೂ ಕೂತಿರೋಣ. ಆ ಹೊಸ ಹುಡುಗ ಕಂಬದ ಮೇಲಿರ್ತಾನಲ್ಲ, ಅವನ ಹೆಂಡತಿ ಒಬ್ಬಳೇ ಎದ್ದಿರೋದು ಬೇಡ.'

ದುಡ್ಡಿನ ವಿಷಯ ಈ ಕಾಗದಕ್ಕೆ ತರಬಾರದು. ಪಿಂಚಣಿ ಎಷ್ಟು, ಸಾಲ ಯಾವುದು, ಕುಟುಂಬ ಪಿಂಚಣಿಗೆ ಆಕೆಯ ಹೆಸರು ಸರಿಯಾಗಿ ಬರೆದಿದೆಯೇ ಎಂಬುದನ್ನೆಲ್ಲ ಗಂಡ ಹೆಂಡತಿ ಕೂತು ನೋಡಲೇಬೇಕು, ಅದಕ್ಕೆ ಬೇರೆ ಹಾಳೆ, ಬೇರೆ ಸಂಜೆ. ಆದರೆ ಆ ದಾಖಲೆಗಳಿಂದ ಒಂದು ವಸ್ತುವನ್ನು ಕಾಗದ ಎತ್ತಿಕೊಳ್ಳಬಹುದು. ಪಿಂಚಣಿ ಅರ್ಜಿಗೆ ಗಂಡ ಹೆಂಡತಿ ಒಟ್ಟಿಗಿರುವ ಫೋಟೊ ಕೇಳುತ್ತಾರೆ. ಮದುವೆಯಾದ ಮೇಲೆ ಇಬ್ಬರೇ ಸ್ಟುಡಿಯೊಗೆ ಹೋದದ್ದು ಅದೇ ಮೊದಲು ಎನ್ನುವ ದಂಪತಿಗಳಿದ್ದಾರೆ. ಫೋಟೊದವನು 'ಸ್ವಲ್ಪ ಹತ್ತಿರ ಬನ್ನಿ' ಅಂದಾಗ ಆತ ನಾಚಿದ್ದನ್ನು ಈಕೆ ಬರೆಯದೆ ಇನ್ಯಾರು ಬರೆಯುತ್ತಾರೆ? ಉಳಿದ ಪ್ರತಿಯೊಂದನ್ನು ಕಾಗದದ ಜೊತೆ ಪಿನ್ ಮಾಡಿಡಬಹುದು.

ಕಾಗದವನ್ನು ಸಮಾರಂಭದಲ್ಲಿ ಓದಬೇಡಿ, ಮಕ್ಕಳ ಕೈಗೆ ಕೊಟ್ಟು ವಾಟ್ಸಾಪ್‌ಗೆ ಹಾಕಿಸಬೇಡಿ. ನಾಲ್ಕು ಜನ ಕೇಳುತ್ತಾರೆಂದು ಗೊತ್ತಾದ ಕೂಡಲೇ ಕೈ ತಾನಾಗಿ ಬಿನ್ನವತ್ತಳೆ ಬರೆಯುತ್ತದೆ. ನಿಮ್ಮ ಕೈಬರಹದಲ್ಲೇ ಇರಲಿ, ಕಾಗುಣಿತ ತಪ್ಪಿದರೂ ಇರಲಿ, ಎರಡು ಪುಟ ದಾಟದಿರಲಿ. ಮೇ 31ರ ರಾತ್ರಿ ಮನೆ ತುಂಬ ನೆಂಟರು, ಹಾರದ ಬುಟ್ಟಿಗಳು. ಜೂನ್ 1ರ ಬೆಳಗ್ಗೆ, ಡ್ಯೂಟಿಗೆ ಹೊರಡುವ ಹೊತ್ತಿಗೆ ಆತನಿಗೆ ಏನು ಮಾಡಬೇಕೆಂದು ತಿಳಿಯದಿರುವಾಗ ಕಾಫಿ ಲೋಟದ ಪಕ್ಕ ಇಡಿ. ಇಟ್ಟು ಹಿತ್ತಲಿಗೆ ಹೋಗಿ, ಎದುರಿಗೆ ನಿಂತರೆ ಪಾಪ ಆತ ಓದುವುದಾದರೂ ಹೇಗೆ! ಮತ್ತೆ ಬರೆಯುವುದನ್ನು ಮೇ ಕಡೆಯ ವಾರಕ್ಕೆ ಇಟ್ಟುಕೊಳ್ಳಬೇಡಿ, ಆ ವಾರ ನಿಮಗೆ ಕೂರಲು ಪುರುಸೊತ್ತು ಸಿಗುವುದಿಲ್ಲ.